ಮಾಪಿಳ್ಳೆ ಮನೆಗೆ ಸಂತಾಪದ ಪತ್ರ: ಅರಬ್ಬಿ ಸಾಲು ಹಾಕಬೇಕೇ, ಬೇಡವೇ?

ನಾಪೋಕ್ಲು ತೋಟ

28 ವರ್ಷದಿಂದ ನಮ್ಮ ಮನೆಯ ಕರಿಮೆಣಸು ಕೊಳ್ಳುತ್ತಿದ್ದ ಕಾಕ ನಿನ್ನೆ ಬೆಳಿಗ್ಗೆ ತೀರಿಕೊಂಡರು. ವಯಸ್ಸು 80 ದಾಟಿತ್ತು, ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಸಂಜೆಯೊಳಗೆ ಮಣ್ಣೂ ಆಯಿತು. ನಾನು ಮೈಸೂರಿನಲ್ಲಿದ್ದೆ, ಹೋಗಲಾಗಲಿಲ್ಲ. ದೊಡ್ಡ ಮಗನಿಗೆ ಒಂದು ಪತ್ರ ಬರೆದು ಕಳಿಸಬೇಕು. ಅವರು ಮಾಪಿಳ್ಳೆ ಮುಸ್ಲಿಮರು, ಮನೆಮಾತು ಮಲಯಾಳ. ಮಗ ಕನ್ನಡ ಶಾಲೆಯಲ್ಲಿ ಓದಿದವನು. ತಾಯಿಗೆ ಕನ್ನಡ ಮಾತು ಅರ್ಥವಾಗುತ್ತದೆ, ಓದಲು ಬಾರದು. ನಾವು ಕೊಡವರು. ಕರಡು ಹೀಗಿದೆ:

"ಮಾನ್ಯರೇ, ತಮ್ಮ ಪೂಜ್ಯ ತಂದೆಯವರು ದೈವಾಧೀನರಾದ ಸುದ್ದಿ ಕೇಳಿ ಬರಸಿಡಿಲು ಬಡಿದಂತಾಯಿತು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿವೂನ್. ಹುಟ್ಟಿದವನು ಸಾಯಲೇಬೇಕೆಂಬುದು ವಿಧಿನಿಯಮ. ಮೃತರ ಆತ್ಮಕ್ಕೆ ಚಿರಶಾಂತಿ ಸಿಗಲಿ. ದುಃಖ ಭರಿಸುವ ಶಕ್ತಿಯನ್ನು ಭಗವಂತನು ತಮ್ಮ ಕುಟುಂಬಕ್ಕೆ ಕರುಣಿಸಲಿ. ಏನಾದರೂ ಬೇಕಾದರೆ ತಿಳಿಸಿ."

ಅರಬ್ಬಿ ಸಾಲನ್ನು ಫೋನಿನಲ್ಲಿ ಹುಡುಕಿ ಹಾಕಿದೆ. ಅದು ಇರಲೋ ಬೇಡವೋ ಎಂಬುದೇ ನನ್ನ ಅನುಮಾನ. ನಾಳೆ ಬೆಳಿಗ್ಗೆ ಕಳಿಸಬೇಕು.

ಕುಶಾಲನಗರದಿಂದ

ಅರಬ್ಬಿ ಸಾಲು ಖಂಡಿತ ಇರಲಿ ಅಣ್ಣ. ಅವರ ಧರ್ಮದ ಮಾತನ್ನೇ ಹೇಳಿದರೆ ಅವರಿಗೆ ಗೌರವ ಕೊಟ್ಟ ಹಾಗೆ. ತೆಗೆಯಬೇಕಾದ್ದು "ಆತ್ಮಕ್ಕೆ ಚಿರಶಾಂತಿ". ಮುಸ್ಲಿಮರಿಗೆ ಆತ್ಮ ಎನ್ನುವುದೇ ಇಲ್ಲ, ಆ ಮಾತು ಅವರಲ್ಲಿ ನಿಷಿದ್ಧ. "ದೇವರು" ಅಂತಲೂ ಬರೆಯಬೇಡಿ, "ಅಲ್ಲಾಹು" ಅಂತ ಬರೆಯಿರಿ.

ಸಿದ್ದಾಪುರ ಸಂತೆ

ಕುಶಾಲನಗರದವರೇ, ಒಳ್ಳೆ ಮನಸ್ಸಿಂದ ಹೇಳಿದ್ದೀರಿ, ಆದರೆ ಅರ್ಧ ಸರಿ, ಅರ್ಧ ತಪ್ಪು. ಆತ್ಮ ಇಲ್ಲ ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ, ನಾವು ರೂಹ್ ಅನ್ನುತ್ತೇವೆ. "ಆತ್ಮಕ್ಕೆ ಶಾಂತಿ" ಅಂತ ಹಿಂದೂ ನೆರೆಯವರು ಹೇಳಿದರೆ ಕೊಡಗಿನಲ್ಲಿ ಯಾವ ಮಾಪಿಳ್ಳೆಯೂ ಸಿಟ್ಟಾಗುವುದಿಲ್ಲ. ಹೇಳಿದವರ ಮನಸ್ಸು ನಮಗೆ ಗೊತ್ತು. ಆದರೆ ಆ ಮಾತು ಬರೀ ಕಿವಿ ಮೇಲೆ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ದೇವರು ಅನ್ನುವುದೂ ನಾವೇ ದಿನಾ ಕನ್ನಡದಲ್ಲಿ ಆಡುವ ಮಾತು, ಅದರಲ್ಲಿ ತೊಂದರೆಯಿಲ್ಲ.

ಇನ್ನು ಅರಬ್ಬಿ ಸಾಲು. ಅದು ಕುರ್‌ಆನಿನ ಎರಡನೇ ಅಧ್ಯಾಯದ 156ನೇ ವಚನದಲ್ಲಿದೆ. "ನಾವು ಅಲ್ಲಾಹನಿಗೆ ಸೇರಿದವರು, ಅವನ ಕಡೆಗೇ ಮರಳುವವರು" ಅಂತ ಅರ್ಥ. ಕಷ್ಟ ಬಂದವರು ಆ ಗಳಿಗೆಯಲ್ಲಿ ಹೇಳಿಕೊಳ್ಳುವ ಮಾತು ಅದು. ಸಾವಿನ ಸುದ್ದಿ ಕೇಳಿದ ಮುಸ್ಲಿಮನ ಬಾಯಲ್ಲಿ ತಾನಾಗಿ ಬರುತ್ತದೆ. ಅದರಲ್ಲಿರುವುದು "ನಾವು", "ನೀವು" ಅಲ್ಲ. ಅಂದರೆ ಮನೆಯವರಿಗೆ ಹೇಳುವ ಸಮಾಧಾನವಲ್ಲ, ಹೇಳುವವನು ತನ್ನ ನಂಬಿಕೆಯನ್ನು ಒಪ್ಪಿಕೊಳ್ಳುವ ಮಾತು. ನೀವು ಬರೆದರೆ ಅವಮಾನವೇನೂ ಅಲ್ಲ. ಆದರೆ ಆ ಮಗನಿಗೆ ನಿನ್ನೆಯಿಂದ ಇದೇ ಸಾಲು ಇನ್ನೂರು ಜನರಿಂದ ಬಂದಿರುತ್ತದೆ. ನಿಮ್ಮದು ಇನ್ನೂರ ಒಂದನೆಯದಾಗುತ್ತದೆ, ಅದೂ ಅಕ್ಷರ ತಪ್ಪಿ.

ಟೀಚರ್, ವಿರಾಜಪೇಟೆ

ಸಿದ್ದಾಪುರದವರು ಹೇಳಿದ "ನಾವು" ಎಂಬ ಅಂಶವನ್ನೇ ಇಟ್ಟುಕೊಂಡು ಇಡೀ ಕರಡನ್ನು ನೋಡೋಣ. ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಿ: ಇದನ್ನು ಹೇಳುತ್ತಿರುವವರು ಯಾರು? ನೀವೋ, ಇನ್ಯಾರೋ?

"ಮಾನ್ಯರೇ", "ತಮ್ಮ", "ಕರುಣಿಸಲಿ" ಹೇಳುತ್ತಿರುವುದು ಕಚೇರಿ. 28 ವರ್ಷ ಮನೆಯ ಕಣಕ್ಕೆ ಬಂದುಹೋದವರ ಮಗನನ್ನು ನೀವು ಎದುರಿಗೆ ಸಿಕ್ಕಾಗ ಮಾನ್ಯರೇ ಎನ್ನುವುದಿಲ್ಲ. "ಬರಸಿಡಿಲು" ಹೇಳುತ್ತಿರುವುದು ಪತ್ರಿಕೆಯ ಶ್ರದ್ಧಾಂಜಲಿ ಅಂಕಣ. ಎರಡು ತಿಂಗಳು ಹಾಸಿಗೆಯಲ್ಲಿದ್ದ ಹಿರಿಯರ ಸಾವು ಸಿಡಿಲಲ್ಲ, ಅವರ ಆರೈಕೆ ಮಾಡಿದ ಮಗನಿಗೆ ಅದು ಚೆನ್ನಾಗಿ ಗೊತ್ತು. ಒಂದು ಸಾಲು ಸುಳ್ಳೆನಿಸಿದರೆ ಮುಂದಿನ ಸಾಲುಗಳನ್ನೂ ಅದೇ ಕಣ್ಣಲ್ಲಿ ಓದುತ್ತಾರೆ.

"ಹುಟ್ಟಿದವನು ಸಾಯಲೇಬೇಕು" ಎಂಬುದು ಭಗವದ್ಗೀತೆಯ ಎರಡನೇ ಅಧ್ಯಾಯದ 27ನೇ ಶ್ಲೋಕದ ಮಾತು. ಅವರ ಗ್ರಂಥದ ಒಂದು ಸಾಲು, ನಮ್ಮ ಗ್ರಂಥದ ಒಂದು ಸಾಲು ಅಕ್ಕಪಕ್ಕ ಕೂತಿವೆ, ನೀವು ಮಾತ್ರ ಎಲ್ಲೂ ಇಲ್ಲ. ಅದೂ ಅಲ್ಲದೆ ಅದು ಉಪದೇಶ. "ದೇವರ ಇಚ್ಛೆ", "ಎಲ್ಲರಿಗೂ ಇದ್ದದ್ದೇ", "ಒಳ್ಳೇ ವಯಸ್ಸಿನಲ್ಲಿ ಹೋದರು" ಇವೂ ಅದೇ ಜಾತಿಯವು. ಮನೆಯವರು ತಾವೇ ಹೇಳಿಕೊಂಡರೆ ಅದು ಸಮಾಧಾನ. ಹೊರಗಿನವರು ಹೇಳಿದರೆ, ಸಾಕು, ಇನ್ನು ಅಳಬೇಡಿ ಎಂದಂತೆ ಕೇಳಿಸುತ್ತದೆ.

"ದೈವಾಧೀನ"ದ ಬದಲು "ತೀರಿಕೊಂಡರು" ಸಾಕು. ವೈಕುಂಠವಾಸಿ, ಕೈಲಾಸವಾಸಿ, ಲಿಂಗೈಕ್ಯ ಇವು ಆಯಾ ನಂಬಿಕೆಯವರಿಗೇ ಸರಿ. "ತೀರಿಕೊಂಡರು", "ನಿಧನರಾದರು", "ಅಗಲಿದರು" ಯಾವ ಮನೆಯಲ್ಲೂ ಎಡವುವುದಿಲ್ಲ. ಅಂತ್ಯಕ್ರಿಯೆಗೆ ನೀವೇ ಬಳಸಿದ "ಮಣ್ಣು" ಒಳ್ಳೆಯ ಪದ. "ಮಣ್ಣಿಗೆ ಬರಲಾಗಲಿಲ್ಲ" ಎಂದರೆ ಹೂಳುವ ಯಾವ ಮನೆಗೂ ಸರಿಹೊಂದುತ್ತದೆ.

ನಾಪೋಕ್ಲು ತೋಟ

ಟೀಚರ್, ಅಷ್ಟೂ ತೆಗೆದರೆ ಉಳಿಯುವುದು "ತೀರಿಕೊಂಡರು, ದುಃಖವಾಯಿತು" ಇಷ್ಟೇ. ಎರಡು ಸಾಲಿನ ಪತ್ರ ಕಳಿಸುವುದು ಹೇಗೆ?

ಟೀಚರ್, ವಿರಾಜಪೇಟೆ

ಖಾಲಿಯಾದ ಜಾಗದಲ್ಲಿ ಕಾಕ ಬರಬೇಕು. ಧರ್ಮದ ಮಾತು ಹೇಳಲು ಅವರಿಗೆ ಉಸ್ತಾದರಿದ್ದಾರೆ, ಬಂಧುಗಳಿದ್ದಾರೆ. ನಿಮ್ಮ ಕಣದಲ್ಲಿ ಕೂತ ಕಾಕ ಹೇಗಿದ್ದರು ಎಂಬುದು ಮಾತ್ರ ಅವರಲ್ಲಿ ಯಾರಿಗೂ ಗೊತ್ತಿಲ್ಲ. ಮಗ ತಂದೆಯನ್ನು ಮನೆಯಲ್ಲಿ, ಪಳ್ಳಿಯಲ್ಲಿ, ಅಂಗಡಿಯಲ್ಲಿ ಕಂಡಿದ್ದಾನೆ. ನಿಮ್ಮ ಅಂಗಳದಲ್ಲಿ ಕಂಡಿಲ್ಲ. ಒಂದೇ ಒಂದು ಸಂಗತಿ ಬರೆಯಿರಿ. ಗುಣವಾಚಕ ಬೇಡ. "ಪ್ರಾಮಾಣಿಕರು, ಸರಳರು" ಎಂದರೆ ಯಾರಿಗಾದರೂ ಹೊಂದುತ್ತದೆ. ಅವರ ಕೈ ಏನು ಮಾಡುತ್ತಿತ್ತು, ಬಾಯಿ ಏನು ಹೇಳುತ್ತಿತ್ತು, ಅದನ್ನು ಬರೆಯಿರಿ. ತಾಯಿಗೆ ಮಗ ಓದಿ ಹೇಳಬೇಕಾದ ಪತ್ರವಿದು. ಆದ್ದರಿಂದ ಒಂದು ವಾಕ್ಯ ಒಂದು ಉಸಿರಿಗೆ ಮುಗಿಯಬೇಕು, ಒಟ್ಟು ಎಂಟು ಹತ್ತು ವಾಕ್ಯ ಮೀರಬಾರದು. ಓದುವವನ ಗಂಟಲು ಕಟ್ಟಿದರೆ ಉದ್ದ ವಾಕ್ಯದ ನಡುವೆ ನಿಲ್ಲಲು ಜಾಗ ಇರುವುದಿಲ್ಲ.

ಪಾಲಿಬೆಟ್ಟ ರೈಟರ್

ನಮ್ಮ ಎಸ್ಟೇಟಿನ ಕ್ಯಾಥೊಲಿಕ್ ಮೇಸ್ತ್ರಿಯ ತಾಯಿ ಹೋದ ವಾರ ತೀರಿಕೊಂಡರು. ಎಲ್ಲರೂ ಗ್ರೂಪಿನಲ್ಲಿ ಆರ್‌ಐಪಿ ಹಾಕಿದರು, ನಾನೂ ಹಾಕಿದೆ. ಅದು ಎಲ್ಲ ಧರ್ಮಕ್ಕೂ ಆಗುವ ಮಾತಲ್ಲವೇ? ಇಲ್ಲಿಯೂ ಅದನ್ನೇ ಹಾಕಿ ಮುಗಿಸಬಹುದು. ಮತ್ತೆ ಹನ್ನೊಂದನೇ ದಿನಕ್ಕೆ ನಾವು ಹೋಗಬೇಕೇ, ಏನು ತೆಗೆದುಕೊಂಡು ಹೋಗಬೇಕು, ಅದನ್ನೂ ಹೇಳಿ.

ಟೀಚರ್, ವಿರಾಜಪೇಟೆ

ರೈಟರ್ ಅವರೇ, ಇಲ್ಲಿ ಕೇಳಿರುವುದು ಪತ್ರದ ವಿಷಯ. ಆದರೂ ನಿಮ್ಮ ಪ್ರಶ್ನೆಗೆ ಚುಟುಕಾಗಿ ಹೇಳುತ್ತೇನೆ. ಆರ್‌ಐಪಿ ಲ್ಯಾಟಿನ್ ಪ್ರಾರ್ಥನೆಯಿಂದ ಬಂದದ್ದು, ಸತ್ತವರಿಗೆ ಶಾಂತಿ ಸಿಗಲಿ ಎಂದು ಅರ್ಥ. ಕ್ಯಾಥೊಲಿಕ್ ಮನೆಗೆ ಅದು ಅವರದೇ ಮಾತು. ಸತ್ತವರಿಗಾಗಿ ಪ್ರಾರ್ಥಿಸುವುದನ್ನು ಒಪ್ಪದ ಪ್ರೊಟೆಸ್ಟೆಂಟ್ ಪಂಗಡಗಳೂ ಇವೆ, ಆದ್ದರಿಂದ ಎಲ್ಲ ಕ್ರೈಸ್ತರಿಗೂ ಒಂದೇ ಎನ್ನಲಾಗದು. ಅದಕ್ಕಿಂತ ಮುಖ್ಯವಾಗಿ, ಮೂರು ಅಕ್ಷರ ಒತ್ತಿ ಕಳಿಸಿದ್ದು ಮೂರು ಅಕ್ಷರದಷ್ಟೇ ತೂಗುತ್ತದೆ. ಹನ್ನೊಂದನೇ ದಿನ ಅವರಲ್ಲಿಲ್ಲ. ಸಾಮಾನ್ಯವಾಗಿ ಏಳನೇ ದಿನದ ಪೂಜೆ, ತಿಂಗಳ ಪೂಜೆ ಚರ್ಚಿನಲ್ಲಿ ಮಾಡಿಸುತ್ತಾರೆ. ಯಾವತ್ತು ಎಂದು ಮೇಸ್ತ್ರಿಯನ್ನೇ ಕೇಳಿ.

ಸಿದ್ದಾಪುರ ಸಂತೆ

ಹನ್ನೊಂದನೇ ದಿನದ ಮಾತು ಬಂದದ್ದು ಒಳ್ಳೆಯದಾಯಿತು, ಪತ್ರದಲ್ಲಿ ಜನ ಎಡವುವುದು ಇಲ್ಲೇ. ಕೊಡವರಲ್ಲಿ ಮಾದ ಇದೆ, ಉಳಿದವರಲ್ಲಿ ತಿಥಿ, ಬೊಜ್ಜ ಇದೆ. ಅದೇ ಲೆಕ್ಕದಲ್ಲಿ "ಕ್ರಿಯೆ ಯಾವತ್ತು ತಿಳಿಸಿ, ಬರುತ್ತೇವೆ" ಅಂತ ಬರೆದುಬಿಡುತ್ತಾರೆ. ನಮ್ಮಲ್ಲಿ ಮೂರು, ಏಳು, ನಲವತ್ತನೇ ದಿನ ಓದಿಸಿ ಊಟ ಹಾಕುವ ಮನೆಗಳೂ ಇವೆ, ಅದು ಬೇಡ ಅನ್ನುವ ಮನೆಗಳೂ ಇವೆ. ಕೆಲವೊಮ್ಮೆ ಒಂದೇ ಮನೆಯಲ್ಲಿ ಅಣ್ಣ ಬೇಕು ಅಂದರೆ ತಮ್ಮ ಬೇಡ ಅನ್ನುತ್ತಾನೆ. ಆ ಹೊತ್ತಿನಲ್ಲಿ ನಿಮ್ಮ ಪತ್ರ ತಾರೀಖು ಕೇಳಬಾರದು. "ಈ ವಾರದಲ್ಲಿ ಒಂದು ಸಂಜೆ ಬಂದು ಹೋಗುತ್ತೇನೆ" ಅಂದರೆ ಸಾಕು. ಶುಕ್ರವಾರ ಮಧ್ಯಾಹ್ನ ಬಿಟ್ಟು ಬನ್ನಿ.

ಕಾಕನ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಇರುತ್ತಾರೆ. ಆ ದಿನಗಳಲ್ಲಿ ಅಗತ್ಯವಿಲ್ಲದೆ ಹೊರಗೆ ಹೋಗುವುದಿಲ್ಲ, ಹೊರಗಿನ ಗಂಡಸರ ಮುಂದೆ ಬಂದು ಕೂರುವುದಿಲ್ಲ. "ತಾಯಿಯವರನ್ನು ಕಂಡು ಮಾತಾಡಬೇಕು" ಅಂತ ನೀವು ಬರೆದರೆ ಮಗನಿಗೆ ಇಲ್ಲ ಅನ್ನಲು ಕಷ್ಟ. ನಿಮ್ಮ ಮನೆಯವರು ಒಳಗೆ ಹೋಗಿ ಅವರ ಹತ್ತಿರ ಕೂರಬಹುದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಪತ್ರದಲ್ಲಿ "ನನ್ನ ಹೆಂಡತಿ ಉಮ್ಮನನ್ನು ನೋಡಲು ಬರುತ್ತಾಳೆ" ಅಂತ ಹಾಕಿ. ಆ ಒಂದು ಸಾಲು ಕೇಳಿ ಅವರಿಗೆ ಆಗುವ ಸಮಾಧಾನ ನಾನು ಹೇಳಿ ತೀರದು.

ದೀಪದ ಚಿತ್ರ, ಹಾರ ಹಾಕಿದ ಫೋಟೋ ಮಾಡಿ ಸ್ಟೇಟಸ್ ಹಾಕಬೇಡಿ. ತೀರಿಕೊಂಡವರ ಫೋಟೋ ಇಟ್ಟು ಹೂ ಹಾಕುವುದು ನಮ್ಮ ರೂಢಿಯಲ್ಲ.

ಗಾಳಿಬೀಡು

"ಏನಾದರೂ ಬೇಕಾದರೆ ತಿಳಿಸಿ" ಎನ್ನುವ ಸಾಲನ್ನು ಯಾರೂ ಮುಟ್ಟಿಲ್ಲ. ಅದನ್ನು ತೆಗೆಯಿರಿ. ಸಾವಿನ ಮನೆಯವನು ಯೋಚನೆ ಮಾಡಿ, ಸಂಕೋಚ ಬಿಟ್ಟು, ನಿಮಗೆ ಫೋನ್ ಮಾಡಿ ಕೇಳಬೇಕು ಎಂದಾಯಿತು. ಯಾರೂ ಕೇಳುವುದಿಲ್ಲ. ವಸ್ತು, ಅಳತೆ, ಹೊತ್ತು ಮೂರನ್ನೂ ನೀವೇ ಹೇಳಿ. ಮೂರು ದಿನ ಆ ಮನೆಗೆ ಜನ ಬರುತ್ತಲೇ ಇರುತ್ತಾರೆ, ಚಹಾ ಕಾಯುತ್ತಲೇ ಇರುತ್ತದೆ. "ನಾಳೆ, ನಾಡಿದ್ದು ಬೆಳಿಗ್ಗೆ 7 ಗಂಟೆಗೆ ಹತ್ತು ಹತ್ತು ಲೀಟರ್ ಹಾಲು ಬರುತ್ತದೆ" ಎಂದರೆ ಅವರು ಮಾಡಬೇಕಾದ ಕೆಲಸ ಒಂದೂ ಇಲ್ಲ.

ಅಡುಗೆ ಮಾಡಿ ಕಳಿಸಬೇಡಿ. ನಮ್ಮ ಅಡುಗೆಮನೆಯಲ್ಲಿ ಪಂದಿ ಬೇಯುತ್ತದೆ, ಪಾತ್ರೆ ಅದೇ. ಅವರು ಬಾಯಿಬಿಟ್ಟು ಹೇಳಲಾರರು, ತಿನ್ನಲೂ ಆರರು. ಹಾಲು, ಸಕ್ಕರೆ, ಚಹಾಪುಡಿ, ಬಾಳೆಗೊನೆ, ಅಕ್ಕಿ ಆಗುತ್ತದೆ. ಹಾಲನ್ನು ಡೈರಿ ಪ್ಯಾಕೆಟ್ಟಿನಲ್ಲೇ ಕೊಟ್ಟರೆ ಪಾತ್ರೆ ಹಿಂತಿರುಗಿಸುವ ಕೆಲಸವೂ ಅವರಿಗೆ ತಪ್ಪುತ್ತದೆ.

ಸಿದ್ದಾಪುರ ಸಂತೆ

ಗಾಳಿಬೀಡಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಸಾವಿನ ಮನೆಗೆ ಅಕ್ಕಪಕ್ಕದವರೇ ಊಟ ಕೊಡಬೇಕು ಅನ್ನುವುದು ನಮ್ಮಲ್ಲೂ ಇದೆ, ಅದನ್ನು ಬಂಧುಗಳು ನೋಡಿಕೊಳ್ಳುತ್ತಾರೆ. ಹಾಲಿಗೆ ಮಾತ್ರ ಎರಡನೇ ದಿನಕ್ಕೆ ಓಡಾಟ ಶುರುವಾಗುತ್ತದೆ.

ತೋಟದವರೇ, ಒಂದು ಮಾತು ಕೇಳಲೇಬೇಕು. ಮೆಣಸಿನ ಲೆಕ್ಕ ಏನಾದರೂ ಬಾಕಿ ಇದೆಯೇ?

ನಾಪೋಕ್ಲು ತೋಟ

ಇದೆ. ಹೋದ ಸಲದ ಮೂರು ಚೀಲದ ಹಣದಲ್ಲಿ 6,500 ರೂಪಾಯಿ ಅವರಿಂದ ಬರಬೇಕು. ಅಷ್ಟರಲ್ಲಿ ಹಾಸಿಗೆ ಹಿಡಿದರು. ನಮಗೆ ಅದು ಬೇಡ, ನಾನಾಗಲಿ ಮನೆಯವರಾಗಲಿ ಆ ಮಾತು ಎತ್ತುವುದಿಲ್ಲ. ಪತ್ರಕ್ಕೂ ಅದಕ್ಕೂ ಏನು ಸಂಬಂಧ?

ಸಿದ್ದಾಪುರ ಸಂತೆ

ಇದೆ ಅಣ್ಣ, ತುಂಬಾ ಇದೆ. ತೀರಿಕೊಂಡವರ ಸಾಲ ತೀರಿಸಿದ ಮೇಲೇ ಆಸ್ತಿ ಮಕ್ಕಳಿಗೆ ಪಾಲಾಗುವುದು, ಇದು ನಮ್ಮಲ್ಲಿ ಕಟ್ಟುನಿಟ್ಟು. ಸಾಲ ಉಳಿಸಿಕೊಂಡು ಹೋದರೆ ಹೋದವರಿಗೇ ಭಾರ ಅನ್ನುವ ನಂಬಿಕೆ. ಅದಕ್ಕೇ ಮಣ್ಣಿನ ಹೊತ್ತಿಗೆ ಮಗ ಎದ್ದು ನಿಂತು, "ಉಪ್ಪ ಯಾರಿಗಾದರೂ ಕೊಡುವುದಿದ್ದರೆ ನನಗೆ ಹೇಳಿ" ಅನ್ನುವುದುಂಟು. ನೀವು ಆ ಹೊತ್ತಿಗೆ ಅಲ್ಲಿರಲಿಲ್ಲ. ಕಾಕನ ಚೀಟಿಪುಸ್ತಕದಲ್ಲಿ ನಿಮ್ಮ ಹೆಸರು ಇದ್ದರೆ ಮಗ ಈಗಾಗಲೇ ನೋಡಿರುತ್ತಾನೆ, ಹೇಗೆ ಕೇಳುವುದು ಅಂತ ತಳಮಳಿಸುತ್ತಿರುತ್ತಾನೆ. ನೀವು ಸುಮ್ಮನಿದ್ದರೆ ದೊಡ್ಡ ಮನಸ್ಸು ಅಂತ ನಿಮಗೆ ಅನ್ನಿಸಬಹುದು, ಅವನಿಗೆ ಲೆಕ್ಕ ಮುಗಿಯುವುದಿಲ್ಲ. "ನಮಗೂ ಕಾಕನಿಗೂ ಯಾವ ಬಾಕಿಯೂ ಇಲ್ಲ, ಪುಸ್ತಕದಲ್ಲಿರುವ 6,500 ನಾವು ಬಿಟ್ಟಿದ್ದೇವೆ" ಅಂತ ಬಾಯಿಬಿಟ್ಟು ಹೇಳಿ. ಮೊತ್ತ ಹೇಳದೆ ಬಿಟ್ಟೆ ಅಂದರೆ ಮತ್ತೆ ಅನುಮಾನ ಉಳಿಯುತ್ತದೆ. ಅವನು ಕೊಟ್ಟೇ ಕೊಡುತ್ತೇನೆ ಅಂದರೆ ತೆಗೆದುಕೊಳ್ಳಿ, ಜಗ್ಗಾಡಬೇಡಿ.

ಟೀಚರ್, ವಿರಾಜಪೇಟೆ

ಇದನ್ನು ಸಂತಾಪದ ಪತ್ರದಲ್ಲೇ ಹಾಕಬೇಡಿ ಎಂದು ನನ್ನ ಸಲಹೆ. ತಾಯಿಗೆ ಗಟ್ಟಿಯಾಗಿ ಓದುವ ಪತ್ರದಲ್ಲಿ ರೂಪಾಯಿ ಬಂದರೆ, ಕಾಕನ ಬಗ್ಗೆ ಬರೆದ ಸಾಲುಗಳೆಲ್ಲ ಅದಕ್ಕೆ ಪೀಠಿಕೆಯಾಗಿಬಿಡುತ್ತವೆ. ಸಂಜೆ ಹೋದಾಗ ಮಗನನ್ನು ಪಕ್ಕಕ್ಕೆ ಕರೆದು ಹೇಳಿ.

ಗಾಳಿಬೀಡು

ಟೀಚರ್, ಇದಕ್ಕೆ ನಾನು ಒಪ್ಪುವುದಿಲ್ಲ. ಬಾಯಿಮಾತು ಇವತ್ತಿದ್ದು ನಾಳೆ ಮರೆಯುತ್ತದೆ. ಅವರಿಗೆ ಮೂರು ಜನ ಗಂಡುಮಕ್ಕಳಿದ್ದರೆ ಉಳಿದವರಿಗೆ ತೋರಿಸಲು ಬರವಣಿಗೆ ಬೇಕು. ಪತ್ರದ ಕೊನೆಯ ಸಾಲಾಗಿಯೇ ಇರಲಿ.

ಸಿದ್ದಾಪುರ ಸಂತೆ

ಬರವಣಿಗೆ ಬೇಕು, ಅದು ನಿಜ. ಅದೇ ಲಕೋಟೆಯಲ್ಲಿ ಬೇರೆ ಚೀಟಿ ಇಟ್ಟರೂ ಆಗುತ್ತದೆ. ಒಂದೇ ಹಾಳೆಯಲ್ಲಿ ಹಾಕುವುದೋ ಬೇಡವೋ, ನನಗೂ ಒಂದು ಕಡೆ ನಿಂತು ಹೇಳಲಾಗುತ್ತಿಲ್ಲ.

ನಾಪೋಕ್ಲು ತೋಟ

ಬೇರೆ ಚೀಟಿ ಮಾಡುತ್ತೇನೆ. ಇನ್ನೊಂದು ಅನುಮಾನ. ನಮ್ಮ ಅವ್ವ ನಿನ್ನೆ ಸಂಜೆ ಮನೆಯ ನಡುಕೋಣೆ ನೆಲ್ಲಕ್ಕಿ ನಡುಬಾಡೆಯ ದೀಪದ ಮುಂದೆ ಕಾಕನ ಹೆಸರು ಹೇಳಿ ಕೈಮುಗಿದರು. ಅದನ್ನು ಬರೆಯಬಹುದೇ? ಅದು ನಮ್ಮ ಆಚಾರ, ಅವರದಲ್ಲ.

ಟೀಚರ್, ವಿರಾಜಪೇಟೆ

ಬರೆಯಿರಿ. ಅವರ ಮಂತ್ರವನ್ನು ನಾವು ಹೇಳುವುದು ಬೇರೆ, ನಮ್ಮ ಮನೆಯಲ್ಲಿ ನಡೆದದ್ದನ್ನು ಇದ್ದಂತೆ ಹೇಳುವುದು ಬೇರೆ. ಅವ್ವ ಮಾಡಿದ್ದು ನಿಜ, ಅದರಲ್ಲಿ ಅವರ ಮೇಲೆ ಹೇರಿದ್ದು ಏನೂ ಇಲ್ಲ.

ಸಿದ್ದಾಪುರ ಸಂತೆ

ನನ್ನ ಮನೆಗೆ ಬಂದರೆ ನಾನು ಕಣ್ಣಿಗೊತ್ತಿಕೊಳ್ಳುತ್ತೇನೆ. ಆದರೆ ಬಹಳ ಕಟ್ಟುನಿಟ್ಟಿನ ಮನೆಯಾದರೆ, ದೀಪದ ಮುಂದೆ ಅನ್ನುವ ಮಾತು ಬಂದಾಗ ಓದುವವನು ಒಂದು ಕ್ಷಣ ತಡೆಯಬಹುದು. "ಅವ್ವ ನಿನ್ನೆ ಸಂಜೆ ಕಾಕನನ್ನು ನೆನೆದು ಕಣ್ಣೀರು ಹಾಕಿದರು" ಅಂದರೂ ಸುಳ್ಳಾಗುವುದಿಲ್ಲವಲ್ಲ. ಆ ಮನೆ ನಿಮಗೆ ಗೊತ್ತು, ನಿಮಗೆ ಬಿಟ್ಟದ್ದು.

ಕುಶಾಲನಗರದಿಂದ

ಅರಬ್ಬಿ ಸಾಲಿನ ವಿಷಯ ಒಪ್ಪಿದೆ, "ನಾವು" ಅಂತ ಇದೆ ಎಂದು ಗೊತ್ತಿರಲಿಲ್ಲ. ಆದರೆ ದೇವರ ಹೆಸರೇ ಇಲ್ಲದ ಪತ್ರ ಆ ಮನೆಯಲ್ಲಿ ಬರಿದು ಅನ್ನಿಸುವುದಿಲ್ಲವೇ?

ಟೀಚರ್, ವಿರಾಜಪೇಟೆ

"ದೇವರು ನಿಮಗೆಲ್ಲ ಧೈರ್ಯ ಕೊಡಲಿ" ಎಂದು ಒಂದು ಸಲ ಬರಲಿ, ಅದು ತೋಟದವರು ಬಾಯಲ್ಲೂ ಆಡುವ ಮಾತೇ. ಭಗವಂತನೂ ಬೇಡ, ಅಲ್ಲಾಹುವೂ ಬೇಡ. ತೋಟದವರೇ, ಈಗ ಕಾಕನ ಕೈ ಏನು ಮಾಡುತ್ತಿತ್ತು, ಹೇಳಿ.

ನಾಪೋಕ್ಲು ತೋಟ

ಬರೆದೆ. ನೋಡಿ:

"ಪ್ರೀತಿಯ ತಮ್ಮನಿಗೆ,

ಕಾಕ ತೀರಿಕೊಂಡ ಸುದ್ದಿ ಮೈಸೂರಿನಲ್ಲಿ ತಿಳಿಯಿತು. ಮಣ್ಣಿಗೆ ಬರಲಾಗಲಿಲ್ಲ, ಅದು ಮನಸ್ಸಿನಲ್ಲಿ ಕೊರೆಯುತ್ತಿದೆ.

ಕಾಕ ನಮ್ಮ ಕಣಕ್ಕೆ ಬಂದರೆ ಮೊದಲು ಚೀಲ ನೋಡುತ್ತಿರಲಿಲ್ಲ. ಒಂದು ಹಿಡಿ ಮೆಣಸನ್ನು ಅಂಗೈಯಲ್ಲಿ ಉಜ್ಜಿ ಜೊಳ್ಳು ಊದುತ್ತಿದ್ದರು. ಆಮೇಲೆ ಒಂದು ಕಾಳು ಹಲ್ಲಿನಲ್ಲಿ ಕಡಿದು, 'ಇನ್ನೊಂದು ಬಿಸಿಲು ಬೇಕು' ಎನ್ನುತ್ತಿದ್ದರು. ಹಸಿ ಇದ್ದಾಗಲೇ ತೂಗಿ ಬೆಲೆ ಮುರಿದು ಕೊಳ್ಳಬಹುದಿತ್ತು, ಒಂದು ಸಲವೂ ಹಾಗೆ ಮಾಡಲಿಲ್ಲ. 2018ರ ಆಗಸ್ಟ್ ಮಳೆಯಲ್ಲಿ ರಸ್ತೆ ಕುಸಿದಾಗ ನಮ್ಮ ಮನೆಗೆ ಅಕ್ಕಿ ಹೊತ್ತು ತಂದವರೂ ಅವರೇ. ಅವ್ವ ಅದನ್ನು ಹೇಳಿ ಹೇಳಿ ಅತ್ತರು.

ಇವತ್ತಿನಿಂದ ಮೂರು ದಿನ ಬೆಳಿಗ್ಗೆ 7 ಗಂಟೆಗೆ ಹತ್ತು ಲೀಟರ್ ಹಾಲು ಬರುತ್ತದೆ. ಶನಿವಾರ ಸಂಜೆ ನಾನು ಬರುತ್ತೇನೆ. ನನ್ನ ಹೆಂಡತಿ ಉಮ್ಮನ ಹತ್ತಿರ ಸ್ವಲ್ಪ ಹೊತ್ತು ಕೂರುತ್ತಾಳೆ. ದೇವರು ನಿಮಗೆಲ್ಲ ಧೈರ್ಯ ಕೊಡಲಿ."

ಹತ್ತು ವಾಕ್ಯ ದಾಟಿತು. ದೀಪದ ಮಾತು ಬಿಟ್ಟೆ, ಅವ್ವನನ್ನು ಕೇಳಿಯೇ ಬಿಟ್ಟೆ.

ಟೀಚರ್, ವಿರಾಜಪೇಟೆ

ದಾಟಿದರೆ ದಾಟಲಿ, ಒಂದೂ ತೆಗೆಯಬೇಡಿ. "ಕೊರೆಯುತ್ತಿದೆ" ಆದ ಮೇಲೆ ಬರಲಾಗದ ಕಾರಣವನ್ನು ನೀವು ಉದ್ದ ಮಾಡಲಿಲ್ಲ, ಅದು ಸರಿಯಾಯಿತು. ಕ್ಷಮೆ ಬೆಳೆದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಕೈಬರಹದಲ್ಲೇ ಕಳಿಸಿ.

ಸಿದ್ದಾಪುರ ಸಂತೆ

ಇನ್ನೊಂದು ಬಿಸಿಲು ಬೇಕು... ಈ ಮಾತು ಕೇಳಿದ ಕೂಡಲೇ ಉಮ್ಮ ಹೌದು, ಮನೆಯಲ್ಲೂ ಹಾಗೇ ಅನ್ನುತ್ತಿದ್ದರು ಅಂತಾರೆ, ನೋಡಿ ಬೇಕಾದರೆ.

ಗಾಳಿಬೀಡು

ಹಾಳೆ ಯಾವುದು? ತೋಟದ ಲೆಟರ್‌ಹೆಡ್ಡಿನಲ್ಲಿ ಮೇಲೆ ದೇವರ ಚಿತ್ರ, ಶ್ರೀ ಇದ್ದರೆ ಅದರಲ್ಲಿ ಬರೆಯಬೇಡಿ. ಬಿಳಿ ಹಾಳೆ ಸಾಕು.

ನಾಪೋಕ್ಲು ತೋಟ

ಅಯ್ಯೋ, ಇಗ್ಗುತ್ತಪ್ಪನ ಚಿತ್ರದ ಲೆಟರ್‌ಹೆಡ್ಡಿನಲ್ಲೇ ಬರೆದಿದ್ದೆ. ಬಿಳಿ ಹಾಳೆಗೆ ಇಳಿಸುತ್ತಿದ್ದೇನೆ. 6,500ರ ಚೀಟಿ ಸಹಿ ಹಾಕಿ ಬೇರೆಯಾಗಿ ಮಡಚಿದ್ದೇನೆ. ಹಾಲಿನ ಹುಡುಗ ಆರೂವರೆಗೆ ಹೊರಡುತ್ತಾನೆ, ಪತ್ರ ಅವನ ಕೈಯಲ್ಲಿ ಹೋಗುತ್ತದೆ.